38 ಪೇಪರ್, ಒಂದು ಟೇಬಲ್: ಯಾವ ಸಂಖ್ಯೆಯನ್ನು ಎಲ್ಲಿಂದ ತೆಗೆಯಬೇಕು?

ಪ್ರಶ್ನೆ: ನಾನು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತಾ ಪಿಎಚ್‌ಡಿ ಮಾಡುತ್ತಿದ್ದೇನೆ. ಹದಿಹರೆಯದ ಹುಡುಗಿಯರ ರಕ್ತಹೀನತೆಗೆ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಎಷ್ಟು ಕೆಲಸ ಮಾಡುತ್ತದೆ ಅನ್ನುವುದು ನನ್ನ ರಿವ್ಯೂ. 38 ಪೇಪರ್ ಆರಿಸಿಕೊಂಡು ಉದ್ದೇಶ, ಸ್ಯಾಂಪಲ್ ಸೈಜ್, ವಿಧಾನ, ಫಲಿತಾಂಶ ಅಂತ ನಾಲ್ಕು ಕಾಲಂ ಹಾಕಿ ವರ್ಡ್‌ನಲ್ಲಿ ಟೇಬಲ್ ಮಾಡಿದೆ. ಜಾಸ್ತಿ ಭಾಗ ಅಬ್‌ಸ್ಟ್ರಾಕ್ಟ್ ನೋಡಿಯೇ ತುಂಬಿಸಿದ್ದು. ಗೈಡ್ ನೋಡಿ "ಇದರಲ್ಲಿ ಯಾವುದನ್ನು ಯಾವುದಕ್ಕೆ ಹೋಲಿಸೋದಮ್ಮಾ?" ಅಂದರು. ಒಂದೇ ಪೇಪರ್‌ನಲ್ಲಿ ಮೂರ್ನಾಲ್ಕು ಸ್ಯಾಂಪಲ್ ಸೈಜ್ ಇರುತ್ತವೆ ಸರ್, ಯಾವುದನ್ನು ಬರೆಯಬೇಕು? ಎಲ್ಲವನ್ನೂ ಮೊದಲಿಂದ ಮಾಡಬೇಕಾ?

ಉತ್ತರ: ಪೇಪರ್‌ಗಳನ್ನು ಮತ್ತೆ ಹುಡುಕಬೇಕಿಲ್ಲ. ಆದರೆ ಟೇಬಲ್ ಅನ್ನು ಮೊದಲಿಂದಲೇ ಮಾಡಬೇಕಾಗುತ್ತದೆ. ಈಗಿರುವುದನ್ನು ತಿದ್ದುತ್ತಾ ಕೂತರೆ ಹೊಸದಾಗಿ ಮಾಡುವುದಕ್ಕಿಂತ ಹೆಚ್ಚು ಸಮಯ ಹೋಗುತ್ತದೆ. ಯಾವ ಸಂಖ್ಯೆ ಎಲ್ಲಿಂದ ಬಂತು ಅನ್ನುವುದು ಅದರಲ್ಲಿ ಎಲ್ಲೂ ಬರೆದಿಲ್ಲವಲ್ಲ.

ನಿಮ್ಮ ಗೈಡ್ ಕೇಳಿದ ಪ್ರಶ್ನೆ ಸರಿಯಾಗಿದೆ. 38 ಪೇಪರ್‌ಗಳ ಲೇಖಕರು ತಮ್ಮ ತಮ್ಮ ಅಬ್‌ಸ್ಟ್ರಾಕ್ಟ್‌ನಲ್ಲಿ ಏನನ್ನು ಮುಂದಿಡಬೇಕು ಅಂತ ಬೇರೆ ಬೇರೆಯಾಗಿ ನಿರ್ಧರಿಸಿರುತ್ತಾರೆ. ನೀವು ಅದನ್ನೇ ಇಳಿಸಿಕೊಂಡರೆ ಟೇಬಲ್‌ನ ಪ್ರತಿ ಸಾಲೂ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿರುತ್ತದೆ. ಹೋಲಿಸಬೇಕಾದರೆ ಪ್ರಶ್ನೆ ನಿಮ್ಮದಾಗಿರಬೇಕು. ಅಂದರೆ ಪ್ರತಿ ಕಾಲಂಗೂ "ಇಲ್ಲಿ ಏನು ಬರಬೇಕು, ಎಲ್ಲಿಂದ ಬರಬೇಕು, ಸಿಗದಿದ್ದರೆ ಏನು ಬರೆಯಬೇಕು" ಅಂತ ಪೇಪರ್ ತೆರೆಯುವ ಮೊದಲೇ ನಿಯಮ ಇರಬೇಕು. ಆ ನಿಯಮ ಹೇಗಿರಬೇಕು ಅನ್ನುವುದು ಒಂದು ಪೇಪರ್ ಹಿಡಿದು ನೋಡಿದರೆ ಬೇಗ ತಿಳಿಯುತ್ತದೆ. ಇದು ವಿವರಿಸಲೆಂದು ನಾನೇ ಕಟ್ಟಿದ ಪೇಪರ್. ಆದರೆ ಇದರಲ್ಲಿರುವ ಪ್ರತಿಯೊಂದು ತೊಡಕೂ ನಿಮ್ಮ 38ರಲ್ಲಿ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ.

ಅಬ್‌ಸ್ಟ್ರಾಕ್ಟ್ ಹೀಗಿದೆ ಅಂತಿಟ್ಟುಕೊಳ್ಳಿ: "ಎಂಟು ಹಾಸ್ಟೆಲ್‌ಗಳ 620 ಹುಡುಗಿಯರನ್ನು ಅಧ್ಯಯನ ಮಾಡಲಾಯಿತು. ಆರು ತಿಂಗಳು ವಾರಕ್ಕೊಂದು ಮಾತ್ರೆ ಕೊಟ್ಟಾಗ ರಕ್ತಹೀನತೆ ಶೇ 36ರಷ್ಟು ಕಡಿಮೆಯಾಯಿತು, ವ್ಯತ್ಯಾಸ ಗಣನೀಯ." ನಿಮ್ಮ ಟೇಬಲ್‌ನಲ್ಲಿ ಈ ಪೇಪರ್‌ಗೆ ಬಹುಶಃ "620" ಮತ್ತು "ಪರಿಣಾಮಕಾರಿ, 36% ಇಳಿಕೆ" ಅಂತ ಇರುತ್ತಿತ್ತು, ಅಲ್ವಾ?

ಈಗ ಒಳಗೆ ಹೋಗೋಣ. 620 ಅನ್ನುವುದು ರಕ್ತ ಪರೀಕ್ಷೆಗೆ ಒಳಗಾದವರ ಸಂಖ್ಯೆ. ಅವರಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರ್‌ಗೆ 12 ಗ್ರಾಂಗಿಂತ ಕಡಿಮೆ ಇದ್ದವರು 412. ಪೋಷಕರು ಒಪ್ಪಿ ಅಧ್ಯಯನಕ್ಕೆ ಸೇರಿದವರು 396. ನಾಲ್ಕು ಹಾಸ್ಟೆಲ್‌ನ 198 ಹುಡುಗಿಯರಿಗೆ ಮಾತ್ರೆ ಕೊಟ್ಟರು, ಇನ್ನು ನಾಲ್ಕರ 198 ಮಂದಿಗೆ ಕೊಡಲಿಲ್ಲ. ಆರು ತಿಂಗಳ ನಂತರ ರಕ್ತ ಕೊಟ್ಟವರು ಮಾತ್ರೆ ಗುಂಪಿನಲ್ಲಿ 171, ಇನ್ನೊಂದರಲ್ಲಿ 164. ಫಲಿತಾಂಶದ ಟೇಬಲ್ ಪೂರ್ತಿ ಈ 335 ಮಂದಿಯದು. 620ಕ್ಕೂ ಆ ಶೇ 36ಕ್ಕೂ ಸಂಬಂಧವೇ ಇಲ್ಲ.

ಹಾಗಾದರೆ ಯಾವುದನ್ನು ಬರೆಯಬೇಕು? ಎಲ್ಲವನ್ನೂ, ಬೇರೆ ಬೇರೆ ಕಾಲಂನಲ್ಲಿ. ತಪಾಸಣೆಗೆ ಒಳಗಾದವರು, ಸೇರಿದವರು, ಪ್ರತಿ ಗುಂಪಿಗೆ ಹಂಚಿದವರು, ಕೊನೆಗೆ ಲೆಕ್ಕಕ್ಕೆ ಸಿಕ್ಕವರು. ಥೀಸಿಸ್‌ನಲ್ಲಿ ಅಚ್ಚಾಗುವ ಟೇಬಲ್‌ನಲ್ಲಿ ಒಂದನ್ನೇ ತೋರಿಸಲು ಜಾಗವಿದ್ದರೆ "ಹಂಚಿದವರು / ಲೆಕ್ಕಕ್ಕೆ ಸಿಕ್ಕವರು" ಅಂತ 396 / 335 ತೋರಿಸಿ. ನಡುವೆ ಬಿಟ್ಟುಹೋದ 61 ಮಂದಿ, ಅಂದರೆ ಸುಮಾರು ಶೇ 15, ಓದುವವರಿಗೆ ತಕ್ಷಣ ಕಾಣಬೇಕು. ಹಾಸ್ಟೆಲ್ ಬಿಟ್ಟು ಮನೆಗೆ ಹೋದವರೇ ಹೆಚ್ಚು ಸುಸ್ತಾಗಿದ್ದವರೋ ಏನೋ, ಹೇಳಲಾಗದು. ಈ ಸಂಖ್ಯೆಗಳು ಸಾಮಾನ್ಯವಾಗಿ ಫ್ಲೋ ಚಾರ್ಟ್‌ನಲ್ಲಿ ಇರುತ್ತವೆ. ಚಾರ್ಟ್ ಇಲ್ಲದ ಹಳೆಯ ಪೇಪರ್‌ಗಳಲ್ಲಿ ಟೇಬಲ್‌ಗಳ ತಲೆಯಲ್ಲಿ n ಅಂತ ಕೊಟ್ಟಿರುವುದನ್ನು ಒಂದೊಂದಾಗಿ ನೋಡಬೇಕು. ಟೇಬಲ್ 1ರ n ಮತ್ತು ಟೇಬಲ್ 3ರ n ಬೇರೆ ಇದ್ದರೆ ನಡುವೆ ಯಾರೋ ಬಿಟ್ಟುಹೋಗಿದ್ದಾರೆ ಅಂತಲೇ ಅರ್ಥ.

ಈ ಪೇಪರ್‌ನಲ್ಲಿ ಸ್ಯಾಂಪಲ್ ಸೈಜ್‌ಗೆ ಇನ್ನೊಂದು ಮುಖವಿದೆ. ಮಾತ್ರೆ ಯಾರಿಗೆ ಅಂತ ನಿರ್ಧಾರವಾಗಿದ್ದು ಹಾಸ್ಟೆಲ್ ಹಾಸ್ಟೆಲ್ ಆಗಿ, ಹುಡುಗಿ ಹುಡುಗಿಯಾಗಿ ಅಲ್ಲ. ಒಂದೇ ಹಾಸ್ಟೆಲ್‌ನವರು ಒಂದೇ ಅಡುಗೆ ಉಣ್ಣುತ್ತಾರೆ, ಒಂದೇ ನೀರು ಕುಡಿಯುತ್ತಾರೆ, ಮಾತ್ರೆ ನುಂಗಿಸುವ ವಾರ್ಡನ್ ಒಬ್ಬರೇ. ಹಾಗಾಗಿ ಅವರ ಹಿಮೋಗ್ಲೋಬಿನ್ ಒಂದಿಷ್ಟು ಜೊತೆಜೊತೆಯಾಗಿ ಏರಿಳಿಯುತ್ತದೆ. 335 ಮಂದಿಯನ್ನು 335 ಸ್ವತಂತ್ರ ಸಾಕ್ಷಿಗಳು ಅಂತ ಎಣಿಸಲು ಬರುವುದಿಲ್ಲ. ಇದಕ್ಕೆ ಸರಳ ಲೆಕ್ಕವಿದೆ: ಒಟ್ಟು ಮಂದಿಯನ್ನು ಡಿಸೈನ್ ಎಫೆಕ್ಟ್ ಅನ್ನುವ ಸಂಖ್ಯೆಯಿಂದ ಭಾಗಿಸುವುದು. m ಅಂದರೆ ಒಂದು ಹಾಸ್ಟೆಲ್‌ನ ಸರಾಸರಿ ಮಂದಿ, ICC ಅಂದರೆ ಒಂದೇ ಹಾಸ್ಟೆಲ್‌ನವರು ಎಷ್ಟು ಹೋಲುತ್ತಾರೆ ಅನ್ನುವ ಅಳತೆ.

```
ಡಿಸೈನ್ ಎಫೆಕ್ಟ್ = 1 + (m − 1) × ICC
             = 1 + (42 − 1) × 0.05 = 3.05
335 ÷ 3.05 ≈ 110
```

ಇಲ್ಲಿ 0.05 ಅನ್ನುವುದು ನಾನು ಉದಾಹರಣೆಗೆ ತೆಗೆದುಕೊಂಡದ್ದು. ಪೇಪರ್ ತನ್ನ ICC ಕೊಟ್ಟಿದ್ದರೆ ಅದನ್ನೇ ಬಳಸಿ. ಇಷ್ಟು ಸಣ್ಣ ಹೋಲಿಕೆ ಇದ್ದರೂ 335 ಮಂದಿಯ ತೂಕ 110 ಮಂದಿಯಷ್ಟಕ್ಕೆ ಇಳಿಯಿತು ನೋಡಿ. ಪಕ್ಕದ ಸಾಲಿನಲ್ಲಿ ಹುಡುಗಿಯರನ್ನೇ ಒಬ್ಬೊಬ್ಬರಾಗಿ ಹಂಚಿದ 150 ಮಂದಿಯ ಅಧ್ಯಯನ ಇದ್ದರೆ, ಅದರ ತೂಕವೇ ಜಾಸ್ತಿ. ಆದ್ದರಿಂದ "ಹಂಚಿಕೆಯ ಘಟಕ: ವ್ಯಕ್ತಿ / ತರಗತಿ / ಶಾಲೆ / ಹಾಸ್ಟೆಲ್", "ಘಟಕಗಳ ಸಂಖ್ಯೆ", "ವಿಶ್ಲೇಷಣೆಯಲ್ಲಿ ಇದನ್ನು ಪರಿಗಣಿಸಿದ್ದಾರೆಯೇ" ಅಂತ ಮೂರು ಕಾಲಂ ಬೇಕೇ ಬೇಕು. ಶಾಲೆ ಮತ್ತು ಹಾಸ್ಟೆಲ್‌ಗಳಲ್ಲಿ ನಡೆದ ಅಧ್ಯಯನಗಳ ರಿವ್ಯೂಗಳಲ್ಲಿ ನನಗೆ ಅತಿ ಹೆಚ್ಚು ಕಾಣುವ ಕೊರತೆ ಇದೇ.

ಇನ್ನು ಫಲಿತಾಂಶದ ಕಾಲಂ. ಹೆಚ್ಚು ಹಾನಿಯಾಗುವುದು ಇಲ್ಲೇ, ಹಾಗಾಗಿ ಇಲ್ಲಿ ನಿಧಾನಿಸೋಣ.

ಆ ಶೇ 36 ಎಲ್ಲಿಂದ ಬಂತು? ಮಾತ್ರೆ ಗುಂಪಿನಲ್ಲಿ ಶುರುವಿನಲ್ಲಿ ಎಲ್ಲರಿಗೂ ರಕ್ತಹೀನತೆ ಇತ್ತು, ಆರಿಸಿದ್ದೇ ಹಾಗೆ. ಕೊನೆಗೆ 171ರಲ್ಲಿ 61 ಮಂದಿ 12 ದಾಟಿದರು, ಅಂದರೆ ಶೇ 35.7. ಆದರೆ ಮಾತ್ರೆ ತೆಗೆದುಕೊಳ್ಳದ ಗುಂಪಿನಲ್ಲೂ 164ರಲ್ಲಿ 28 ಮಂದಿ 12 ದಾಟಿದ್ದಾರೆ, ಶೇ 17.1. ಮಾತ್ರೆ ಇಲ್ಲದೆ ಅದು ಹೇಗೆ? ಒಂದು ಕಾರಣ, ಒಂದು ದಿನದ ಅಳತೆ ನೋಡಿ ಕಡಿಮೆ ಇದ್ದವರನ್ನೇ ಆರಿಸಿದ್ದಾರೆ. ಅಳತೆಯಲ್ಲಿ ಒಂದಿಷ್ಟು ಏರುಪೇರು ಇದ್ದೇ ಇರುತ್ತದೆ. ಅವತ್ತು ಆಕಸ್ಮಿಕವಾಗಿ 11.8 ಬಂದ ಹುಡುಗಿಗೆ ಮುಂದಿನ ಸಲ ಸುಮ್ನೆ 12.1 ಬರಬಹುದು. ಇನ್ನೊಂದು ಕಾರಣ ವಿಧಾನದ ಭಾಗದಲ್ಲಿ ಒಂದು ಸಾಲಿನಲ್ಲಿ ಅಡಗಿದೆ: ಎರಡೂ ಗುಂಪಿಗೆ 400 ಮಿಲಿಗ್ರಾಂ ಆಲ್ಬೆಂಡಜೋಲ್, ಅಂದರೆ ಹುಳದ ಮಾತ್ರೆ, ಕೊಟ್ಟಿದ್ದಾರೆ. ಕೊಕ್ಕೆಹುಳು ಇದ್ದ ಕಡೆ ಅದೊಂದರಿಂದಲೇ ಹಿಮೋಗ್ಲೋಬಿನ್ ಸ್ವಲ್ಪ ಏರಬಹುದು.

ಹಾಗಾಗಿ ವಾರದ ಮಾತ್ರೆಯ ಪಾಲು ಶೇ 36 ಅಲ್ಲ, ಎರಡರ ನಡುವಿನ ಅಂತರ. ನೂರಕ್ಕೆ ಸುಮಾರು 19 ಮಂದಿ. ಅಬ್‌ಸ್ಟ್ರಾಕ್ಟ್ ಹೇಳಿದ್ದರ ಅರ್ಧದಷ್ಟು. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಲೇಖಕರು ಮೊದಲು ಮತ್ತು ನಂತರ ಅಂತ ಹೋಲಿಸಿದರು, ನಿಮ್ಮ ರಿವ್ಯೂಗೆ ಬೇಕಿರುವುದು ಕೊಟ್ಟವರು ಮತ್ತು ಕೊಡದವರು ಅನ್ನುವ ಹೋಲಿಕೆ.

ಇದರಿಂದ ನಿಯಮ ತಾನಾಗಿ ಬರುತ್ತದೆ. ಫಲಿತಾಂಶದ ಸೆಲ್‌ನಲ್ಲಿ "ಪರಿಣಾಮಕಾರಿ" ಅನ್ನುವ ಪದ ಬರಕೂಡದು, p<0.05 ಒಂದೇ ಇರಕೂಡದು. ಎರಡೂ ಗುಂಪಿನ ಸಂಖ್ಯೆ, ಛೇದ ಸಮೇತ, ಯಾವ ತಿಂಗಳಲ್ಲಿ ಅಳೆದದ್ದು ಅನ್ನುವುದರ ಸಮೇತ ಬರಬೇಕು: 61/171 ಮತ್ತು 28/164, ಆರನೇ ತಿಂಗಳು. ಶೇಕಡಾವಾರನ್ನು ನೀವೇ ಲೆಕ್ಕ ಹಾಕಿ. ಕೆಲವು ಪೇಪರ್‌ಗಳು ಮಾತ್ರೆ ಗುಂಪಿಗೆ ಒಂದು p, ಇನ್ನೊಂದು ಗುಂಪಿಗೆ ಇನ್ನೊಂದು p ಕೊಟ್ಟು, ಒಂದು ಗಣನೀಯ, ಇನ್ನೊಂದು ಅಲ್ಲ, ಆದ್ದರಿಂದ ಮಾತ್ರೆ ಗೆದ್ದಿತು ಅನ್ನುತ್ತವೆ. ಅದು ಗುಂಪುಗಳ ನಡುವಿನ ಹೋಲಿಕೆಯೇ ಅಲ್ಲ. ಅಂಥ ಕಡೆ "ಗುಂಪುಗಳ ನಡುವಿನ ಹೋಲಿಕೆ ಕೊಟ್ಟಿಲ್ಲ" ಅಂತ ಬರೆದು, ಮೂಲ ಸಂಖ್ಯೆಗಳನ್ನು ಮಾತ್ರ ಇಳಿಸಿಕೊಳ್ಳಿ.

ಅದೇ ಪೇಪರ್‌ನ ಟೇಬಲ್ 3 ನೋಡಿ. ಆರನೇ ತಿಂಗಳ ಸರಾಸರಿ ಹಿಮೋಗ್ಲೋಬಿನ್ 11.5 ± 0.09. ಆ ± ಅಂದರೆ ಏನು ಅಂತ ಎಲ್ಲೂ ಹೇಳಿಲ್ಲ. ಅದು ಹುಡುಗಿ ಹುಡುಗಿಗೆ ಇರುವ ವ್ಯತ್ಯಾಸವನ್ನು ತೋರಿಸುವ ಎಸ್‌ಡಿ ಆಗಿದ್ದರೆ, 171 ಮಂದಿಯಲ್ಲಿ ಹೆಚ್ಚುಕಡಿಮೆ ಎಲ್ಲರದೂ 11.3ರಿಂದ 11.7ರ ಒಳಗೇ ಇರಬೇಕು. ಯಾವ ಹಾಸ್ಟೆಲ್‌ನಲ್ಲೂ ಹಾಗಿರಲು ಸಾಧ್ಯವಿಲ್ಲ. ಅದೂ ಅಲ್ಲದೆ 171ರಲ್ಲಿ 61 ಮಂದಿ 12 ದಾಟಿದ್ದಾರೆ ಅಂತ ಅದೇ ಪೇಪರ್ ಹೇಳಿದೆ. ಅಂದ ಮೇಲೆ ಇದು ಎಸ್‌ಇ. ಸರಾಸರಿ ಎಷ್ಟು ನಿಖರ ಅನ್ನುವುದರ ಅಳತೆ ಅದು. ಎಕ್ಸೆಲ್‌ನಲ್ಲಿ ಒಂದೇ ಸಾಲಿನಲ್ಲಿ ಎಸ್‌ಡಿಗೆ ತಿರುಗಿಸಬಹುದು:

```
=0.09*SQRT(171)
```

ಉತ್ತರ 1.18. ಹಿಮೋಗ್ಲೋಬಿನ್ ಅಧ್ಯಯನಗಳಲ್ಲಿ ಎಸ್‌ಡಿ 1ರಿಂದ 1.5ರ ಆಸುಪಾಸಿನಲ್ಲಿರುವುದು ಸಹಜ, ಹಾಗಾಗಿ ಇದು ಹೊಂದುತ್ತದೆ. ಈ ಎರಡನ್ನು ಅದಲುಬದಲು ಮಾಡಿಕೊಂಡರೆ ಮುಂದೆ ಎಲ್ಲ ಅಧ್ಯಯನಗಳ ಸಂಖ್ಯೆಗಳನ್ನು ಒಟ್ಟುಗೂಡಿಸಿ ಮೆಟಾ ಅನಾಲಿಸಿಸ್ ಮಾಡುವಾಗ ಒಂದು ಸಾಧಾರಣ ಅಧ್ಯಯನ ಇಡೀ ರಿವ್ಯೂವನ್ನೇ ತನ್ನ ಕಡೆಗೆ ಎಳೆದುಬಿಡುತ್ತದೆ. ಇಂಥ ತಪ್ಪು ವಿದ್ಯಾರ್ಥಿಗಳಿಗೆ ಮಾತ್ರ ಆಗುತ್ತದೆ ಅಂದುಕೊಳ್ಳಬೇಡಿ. ಕೋಪನ್‌ಹೇಗನ್‌ನ ನಾರ್ಡಿಕ್ ಕಾಕ್ರೇನ್ ಕೇಂದ್ರದವರು 2007ರ ಒಂದು ಪೇಪರ್‌ನಲ್ಲಿ, ಅದಾಗಲೇ ಪ್ರಕಟವಾಗಿದ್ದ 27 ಮೆಟಾ ಅನಾಲಿಸಿಸ್‌ಗಳನ್ನು ತೆಗೆದುಕೊಂಡು, ಒಂದೊಂದರಿಂದ ಎರಡೆರಡು ಟ್ರಯಲ್‌ಗಳ ಸಂಖ್ಯೆಗಳನ್ನು ಮೂಲ ಪೇಪರ್‌ನಿಂದ ಮತ್ತೆ ತೆಗೆದು ನೋಡಿದರು. ಆ 27ರ ಪೈಕಿ 10 ಮೆಟಾ ಅನಾಲಿಸಿಸ್‌ಗಳಲ್ಲಿ ಕನಿಷ್ಠ ಒಂದು ಟ್ರಯಲ್‌ನ ಲೆಕ್ಕ ತಾಳೆಯಾಗಲಿಲ್ಲ.

ತಿರುಗಿಸಿದ ಸಂಖ್ಯೆಯನ್ನು ಮೂಲ ಸಂಖ್ಯೆಯ ಮೇಲೆ ಎಂದೂ ಬರೆಯಬೇಡಿ. "ಪೇಪರ್‌ನಲ್ಲಿ ಇದ್ದದ್ದು" ಒಂದು ಕಾಲಂ, "ನಾನು ತಿರುಗಿಸಿದ್ದು" ಪಕ್ಕದ ಕಾಲಂ. ಹಿಮೋಗ್ಲೋಬಿನ್‌ಗೂ ಅಷ್ಟೇ. ಕೆಲವರು ಲೀಟರ್‌ಗೆ 115 ಗ್ರಾಂ ಅಂತ ಕೊಡುತ್ತಾರೆ, ಕೆಲವರು ಡೆಸಿಲೀಟರ್‌ಗೆ 11.5. ಎರಡೂ ಒಂದೇ, ಆದರೆ ಯಾವುದು ಯಾರದು ಅಂತ ಆಮೇಲೆ ಗೊತ್ತಾಗಬೇಕು.

ವಿಧಾನದ ಕಾಲಂ ಬಗ್ಗೆ. "ಯಾದೃಚ್ಛಿಕ ಪ್ರಯೋಗ" ಅಂತ ಒಂದು ಪದ ಬರೆದು ಮುಂದೆ ಹೋಗುವುದು ಸಾಲದು. ನಿಮ್ಮ ವಿಷಯದಲ್ಲಿ ಫಲಿತಾಂಶವನ್ನು ಬದಲಿಸುವ ವಿವರಗಳು ಯಾವುವು ಅಂತ ಯೋಚಿಸಿ, ಅಷ್ಟಕ್ಕೆ ಮಾತ್ರ ಕಾಲಂ ಹಾಕಿ. ನಿಮಗೆ ಮೊದಲನೆಯದು ಡೋಸ್. ನಮ್ಮ ದೇಶದ ವಾರದ ಮಾತ್ರೆ ಕಾರ್ಯಕ್ರಮದಲ್ಲಿ ಮೊದಲು 100 ಮಿಲಿಗ್ರಾಂ ಕಬ್ಬಿಣ ಇತ್ತು. 2018ರಲ್ಲಿ ಅನೀಮಿಯಾ ಮುಕ್ತ ಭಾರತ ಬಂದ ಮೇಲೆ ಹದಿಹರೆಯದವರಿಗೆ 60 ಮಿಲಿಗ್ರಾಂ ಆಯಿತು. ಫೋಲಿಕ್ ಆಮ್ಲ ಮಾತ್ರ ಎರಡರಲ್ಲೂ 500 ಮೈಕ್ರೋಗ್ರಾಂ. "ಸರ್ಕಾರಿ ಐಎಫ್‌ಎ ಮಾತ್ರೆ" ಅಂತಷ್ಟೇ ಬರೆದ ಎರಡು ಪೇಪರ್‌ಗಳಲ್ಲಿ ಒಂದು 2015ರದು, ಇನ್ನೊಂದು 2021ರದು ಆದರೆ ಮಾತ್ರೆ ಬೇರೆ ಬೇರೆ ಇರಬಹುದು. ಪ್ರಕಟವಾದ ವರ್ಷ ನೋಡಿ ಊಹಿಸಬೇಡಿ, ಅಧ್ಯಯನ ನಡೆದ ತಿಂಗಳು ವರ್ಷ ಬರೆದುಕೊಳ್ಳಿ. ಇನ್ನು ಕೆಲವರು 335 ಮಿಲಿಗ್ರಾಂ ಫೆರಸ್ ಸಲ್ಫೇಟ್ ಅಂತ ಬರೆದಿರುತ್ತಾರೆ. ಒಣಗಿಸಿದ ಫೆರಸ್ ಸಲ್ಫೇಟ್ ಅಷ್ಟಿದ್ದರೆ ಅದರಲ್ಲಿರುವ ಕಬ್ಬಿಣ 100 ಮಿಲಿಗ್ರಾಂ. ಅದನ್ನು ಡೋಸ್ 335 ಅಂತ ಇಳಿಸಿಕೊಂಡು ಬೇರೆಯವರಿಗಿಂತ ಮೂರು ಪಟ್ಟು ಕೊಟ್ಟಿದ್ದಾರೆ ಅಂದುಬಿಡುವುದು ಬಹಳ ಸುಲಭ.

ಎರಡನೆಯದು ರಕ್ತ ಅಳೆದ ರೀತಿ. ಸಾಹ್ಲಿ ವಿಧಾನದಲ್ಲಿ ಬಣ್ಣವನ್ನು ಕಣ್ಣಿಂದ ಹೋಲಿಸುತ್ತಾರೆ, ಅಳೆಯುವವರ ಕಣ್ಣು ಬೆಳಕಿನ ಮೇಲೆ ಉತ್ತರ ನಿಂತಿರುತ್ತದೆ. ಬೆರಳ ತುದಿಯ ಹನಿ ರಕ್ತವನ್ನು ಹಿಮೋಕ್ಯೂ ಅನ್ನುವ ಪುಟ್ಟ ಯಂತ್ರದಲ್ಲಿ ಅಳೆದದ್ದೂ, ರಕ್ತನಾಳದಿಂದ ತೆಗೆದ ರಕ್ತವನ್ನು ಲ್ಯಾಬ್‌ನ ಯಂತ್ರದಲ್ಲಿ ಅಳೆದದ್ದೂ ಒಂದೇ ಅಲ್ಲ. ಮೂರನೆಯದು ರಕ್ತಹೀನತೆಯ ಗೆರೆ. ವಿಶ್ವ ಆರೋಗ್ಯ ಸಂಸ್ಥೆಯ ಗೆರೆ 12 ವರ್ಷ ದಾಟಿದ, ಗರ್ಭಿಣಿಯಲ್ಲದ ಹುಡುಗಿಯರಿಗೆ 12, ಆದರೆ 5ರಿಂದ 11 ವರ್ಷದವರಿಗೆ 11.5. 10 ವರ್ಷದವರಿಂದ ಶುರುಮಾಡಿದ ಅಧ್ಯಯನ ಎಲ್ಲರಿಗೂ 12 ಇಟ್ಟಿದ್ದರೆ ಅದರಲ್ಲಿ ರಕ್ತಹೀನರ ಸಂಖ್ಯೆ ತಾನಾಗಿ ಹೆಚ್ಚಿರುತ್ತದೆ. ಇವುಗಳ ಜೊತೆಗೆ ಮಾತ್ರೆಯನ್ನು ಕಣ್ಣೆದುರೇ ನುಂಗಿಸಿದರೋ, ಮನೆಗೆ ಕೊಟ್ಟು ಕಳಿಸಿದರೋ ಅನ್ನುವುದು, ಮತ್ತು ಮಾತ್ರೆ ಕೊಡದ ಗುಂಪಿಗೆ ಏನು ಕೊಟ್ಟರು ಅನ್ನುವುದು. ಇಷ್ಟು ಸಾಕು.

ಉದ್ದೇಶದ ಕಾಲಂ ಚಿಕ್ಕದಾಗಿರಲಿ, ಆದರೆ ಅದನ್ನು ಪೀಠಿಕೆಯ ಕೊನೆಯ ಪ್ಯಾರಾದಿಂದ ತೆಗೆಯಿರಿ. ಅಲ್ಲಿ "ರಕ್ತಹೀನತೆಯ ಪ್ರಮಾಣ ನೋಡುವುದು" ಅಂತಿದ್ದು, ಫಲಿತಾಂಶದಲ್ಲಿ ಶಾಲೆಯ ಹಾಜರಾತಿ ಮೊದಲು ಬಂದಿದ್ದರೆ, ಎರಡನ್ನೂ ಗುರುತು ಮಾಡಿಕೊಳ್ಳಿ. ಭಾರತದ ಟ್ರಯಲ್ ಆದರೆ ಟ್ರಯಲ್‌ಗಳನ್ನು ನೋಂದಾಯಿಸುವ ಸಿಟಿಆರ್‌ಐ ತಾಣದಲ್ಲಿ ನೋಂದಣಿ ಸಂಖ್ಯೆ ಹುಡುಕಿ ನೋಡಿ. ಮೊದಲು ಏನನ್ನು ಅಳೆಯುತ್ತೇವೆ ಅಂದಿದ್ದರು ಅನ್ನುವುದು ಅಲ್ಲಿ ಸಿಗುತ್ತದೆ.

ಆ ನೋಂದಣಿ ಸಂಖ್ಯೆಯಿಂದ ಇನ್ನೊಂದು ಉಪಯೋಗವಿದೆ. ಟೇಬಲ್‌ನ ಒಂದು ಸಾಲು ಒಂದು ಪೇಪರ್‌ಗಲ್ಲ, ಒಂದು ಅಧ್ಯಯನಕ್ಕೆ. ಗರ್ಭಿಣಿಯರ ರಕ್ತಹೀನತೆ ಬಗ್ಗೆ ಕರ್ನಾಟಕ ಮತ್ತು ರಾಜಸ್ಥಾನದಲ್ಲಿ ನಡೆದ ರ‍್ಯಾಪಿಡೈರನ್ ಟ್ರಯಲ್ ನೋಡಿ. 2021ರಲ್ಲಿ ಅದರ ಪ್ರೋಟೋಕಾಲ್ ಒಂದು ಪೇಪರ್ ಆಗಿ ಬಂತು, ಅದೇ ತಾಯಂದಿರ ಮಕ್ಕಳನ್ನು ಮುಂದೆ ಗಮನಿಸುವ ಅಧ್ಯಯನ ಇನ್ನೊಂದು ಪೇಪರ್ ಆಯಿತು. ಇವನ್ನು ಬೇರೆ ಬೇರೆ ಸಾಲಿಗೆ ಹಾಕಿದರೆ ಅದೇ ತಾಯಂದಿರನ್ನು ಎರಡು ಸಲ ಎಣಿಸಿದಂತೆ. ನಿಮ್ಮ 38ರಲ್ಲೂ ಊರು, ವರ್ಷ, ಶಾಲೆಗಳ ಸಂಖ್ಯೆ, ಮೊದಲ ಲೇಖಕರು ಹೊಂದುವ ಜೋಡಿಗಳಿವೆಯೇ ಅಂತ ಮೊದಲೇ ನೋಡಿ.

ಮೇಲಿನ ಪೇಪರ್‌ನ ಸಾಲಿನ ಒಂದು ತುಂಡು ಹೀಗೆ ಕಾಣಬೇಕು:

| ಕಾಲಂ | ಬರೆದದ್ದು | ಎಲ್ಲಿಂದ |
|---|---|---|
| ಹಂಚಿಕೆಯ ಘಟಕ | ಹಾಸ್ಟೆಲ್, 4 + 4 | ಪುಟ 3, ವಿಧಾನ |
| ಹಂಚಿದವರು | 198 / 198 | ಚಿತ್ರ 1 |
| ಲೆಕ್ಕಕ್ಕೆ ಸಿಕ್ಕವರು | 171 / 164 | ಟೇಬಲ್ 3 |
| ICC | ಹೇಳಿಲ್ಲ | – |
| ಕೊಡದ ಗುಂಪಿಗೆ ಕೊಟ್ಟದ್ದು | ಆಲ್ಬೆಂಡಜೋಲ್ 400 ಮಿ.ಗ್ರಾಂ | ಪುಟ 4 |
| 12 ದಾಟಿದವರು, 6ನೇ ತಿಂಗಳು | 61/171 ಮತ್ತು 28/164 | ಟೇಬಲ್ 4 |
| ಸರಾಸರಿಯ ± (ಪೇಪರ್‌ನಲ್ಲಿ) | 0.09, ಏನೆಂದು ಹೇಳಿಲ್ಲ | ಟೇಬಲ್ 3 |
| ಎಸ್‌ಡಿ (ನಾನು ತಿರುಗಿಸಿದ್ದು) | 1.18, ಎಸ್‌ಇ ಎಂದು ತಿಳಿದು | ಲೆಕ್ಕ |

ಮೂರನೇ ಕಾಲಂ ಬಿಡಬೇಡಿ. ವೈವಾದಲ್ಲಿ "ಈ 171 ಎಲ್ಲಿಂದ?" ಅಂದಾಗ ಪಿಡಿಎಫ್ ತಡಕಾಡಬೇಕಾಗಿಲ್ಲ. ಖಾಲಿ ಸೆಲ್ ಕೂಡ ಬಿಡಬೇಡಿ. ಖಾಲಿ ಅಂದರೆ ಪೇಪರ್‌ನಲ್ಲಿ ಇಲ್ಲವೋ, ನೀವು ಇನ್ನೂ ನೋಡಿಲ್ಲವೋ, ತಿಂಗಳಾದ ಮೇಲೆ ನಿಮಗೇ ತಿಳಿಯುವುದಿಲ್ಲ. "ಹೇಳಿಲ್ಲ", "ಸ್ಪಷ್ಟವಿಲ್ಲ", "ಅನ್ವಯಿಸುವುದಿಲ್ಲ" ಅಂತ ಮೂರೇ ಪದ ಇಟ್ಟುಕೊಳ್ಳಿ. ಕುರುಡು ಹಂಚಿಕೆ, ಅಂದರೆ ಯಾರು ಯಾವ ಗುಂಪು ಅನ್ನುವುದನ್ನು ಮುಚ್ಚಿಟ್ಟು ಹಂಚುವುದರ ಬಗ್ಗೆ ಪೇಪರ್ ಮಾತಾಡಿಲ್ಲ ಅಂದರೆ ಅದು "ಮಾಡಿಲ್ಲ" ಅಲ್ಲ, "ಹೇಳಿಲ್ಲ".

ಇದೆಲ್ಲ ವರ್ಡ್‌ನಲ್ಲಿ ಆಗುವ ಕೆಲಸವಲ್ಲ. ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಸಾಕು. ಇಲ್ಲಿ ಮೂವತ್ತು ಕಾಲಂ ಇರಲಿ. ಥೀಸಿಸ್‌ಗೆ ಬೇಕಾದ ಆರೇಳು ಕಾಲಂ ಅನ್ನು ಆಮೇಲೆ ಇದರಿಂದ ತೆಗೆಯಿರಿ. ಒಂದು ಎಚ್ಚರ: ವಯಸ್ಸಿನ ಕಾಲಂನಲ್ಲಿ 10-12 ಅಂತ ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ತಾರೀಖು ಮಾಡಿಬಿಡುತ್ತದೆ. ಕಾಲಂ ಅನ್ನು ಮೊದಲೇ Text ಮಾಡಿಕೊಳ್ಳಿ, ಇಲ್ಲವೇ ಕನಿಷ್ಠ ವಯಸ್ಸು, ಗರಿಷ್ಠ ವಯಸ್ಸು ಅಂತ ಎರಡು ಕಾಲಂ ಮಾಡಿ. ನನಗೆ ಎರಡನೆಯದೇ ಇಷ್ಟ, ಸಾರ್ಟ್ ಮಾಡಲು ಬರುತ್ತದೆ. ಕೋವಿಡೆನ್ಸ್‌ನಂಥ ಸಾಫ್ಟ್‌ವೇರ್‌ಗೆ ಸಾಮಾನ್ಯವಾಗಿ ಹಣ ಕಟ್ಟಬೇಕು. ಇಬ್ಬರು ತುಂಬಿಸಿದ್ದನ್ನು ತಾಳೆ ನೋಡಲು ಅದು ಅನುಕೂಲ, ಆದರೆ ನಿಯಮ ಬರೆಯದಿದ್ದರೆ ಅದರಲ್ಲೂ ಇದೇ ಗೊಂದಲ.

ಯಾರು ತುಂಬಿಸಬೇಕು ಅನ್ನುವುದಕ್ಕೆ ಮೂರು ದಾರಿಗಳಿವೆ. ಕಾಕ್ರೇನ್ ರಿವ್ಯೂಗಳಲ್ಲಿ ಫಲಿತಾಂಶದ ಸಂಖ್ಯೆಗಳನ್ನು ಇಬ್ಬರು ಒಬ್ಬರದನ್ನೊಬ್ಬರು ನೋಡದೆ ತೆಗೆಯಬೇಕು ಅನ್ನುವ ನಿಯಮವಿದೆ. ಅದೇ ಉತ್ತಮ, ಆದರೆ ಎರಡು ಪಟ್ಟು ಸಮಯ ಬೇಕು. ಒಬ್ಬರು ತುಂಬಿಸಿ ಇನ್ನೊಬ್ಬರು ಪೇಪರ್ ಇಟ್ಟುಕೊಂಡು ಪರಿಶೀಲಿಸುವುದು ಎರಡನೆಯದು. ಇದರ ಅಪಾಯವೇನೆಂದರೆ, ಮುಂದೆ 620 ಅಂತ ಬರೆದಿರುವುದನ್ನು ನೋಡಿದ ಮೇಲೆ ಪರಿಶೀಲಿಸುವವರ ಕಣ್ಣೂ 620ನ್ನೇ ಹುಡುಕುತ್ತದೆ. ಒಬ್ಬರೇ ಮಾಡುವುದು ಮೂರನೆಯದು. ಪಿಎಚ್‌ಡಿಯಲ್ಲಿ ಬಹಳ ಸಲ ಬೇರೆ ದಾರಿ ಇರುವುದಿಲ್ಲ. ಆಗ ವಿವರಣೆಯ ಕಾಲಂಗಳನ್ನು ನೀವೇ ಮಾಡಿ. ಫಲಿತಾಂಶದ ಸಂಖ್ಯೆಗಳಿಗೆ ಮಾತ್ರ ಒಬ್ಬ ಸಹೋದ್ಯೋಗಿಯನ್ನು ಕೇಳಿ, ಖಾಲಿ ಶೀಟ್ ಕೊಟ್ಟು ತುಂಬಿಸಿ ಅನ್ನಿ. ಎಲ್ಲದಕ್ಕೂ ಆಗದಿದ್ದರೆ ಎಂಟು ಹತ್ತು ಪೇಪರ್‌ಗಾದರೂ ಮಾಡಿಸಿ, ಎಷ್ಟು ಸೆಲ್ ಹೊಂದಿದವು ಅಂತ ಥೀಸಿಸ್‌ನಲ್ಲಿ ಬರೆಯಿರಿ.

ನಾಳೆಯೇ 38 ಪೇಪರ್ ತೆರೆಯಬೇಡಿ. ಒಂದಕ್ಕೊಂದು ಹೋಲದ ನಾಲ್ಕು ಪೇಪರ್ ತೆಗೆದುಕೊಳ್ಳಿ: ಒಂದು ಹಾಸ್ಟೆಲ್‌ನದು, ಒಂದು ಹಳೆಯದು, ಒಂದು ವಿದೇಶದ್ದು, ಒಂದು ಹೋಲಿಕೆ ಗುಂಪೇ ಇಲ್ಲದ್ದು. ಅವನ್ನು ತುಂಬಿಸುವಾಗ ಯಾವ ಸೆಲ್‌ನಲ್ಲಿ ಪೆನ್ನು ನಿಲ್ಲುತ್ತದೋ ಅಲ್ಲಿ ನಿಯಮ ತಿದ್ದಿ, ಆ ಶೀಟನ್ನು ಗೈಡ್‌ಗೆ ತೋರಿಸಿ ಒಪ್ಪಿಗೆ ಪಡೆದು ಮುಂದುವರಿಯಿರಿ. ನಿಯಮ ನಡುವೆ ಬದಲಾದರೆ ಈಗಾಗಲೇ ಮುಗಿಸಿದ ಪೇಪರ್‌ಗಳ ಆ ಕಾಲಂಗೆ ಹಿಂದಿರುಗಬೇಕು, ಅದರಿಂದ ತಪ್ಪಿಸಿಕೊಳ್ಳಲಾಗದು.

ಎಷ್ಟೇ ಹುಡುಕಿದರೂ ಕೆಲವು ಪೇಪರ್‌ಗಳಲ್ಲಿ ಕೊಡದ ಗುಂಪಿನ ಸಂಖ್ಯೆ ಸಿಗುವುದೇ ಇಲ್ಲ. ಲೇಖಕರಿಗೆ ಇಮೇಲ್ ಮಾಡಿ. ಇಡೀ ಡೇಟಾ ಕೇಳಬೇಡಿ, ನಿಮ್ಮ ಖಾಲಿ ಸೆಲ್‌ಗಳನ್ನೇ ಚಿಕ್ಕ ಟೇಬಲ್ ಮಾಡಿ ಕಳಿಸಿ, ಎರಡು ಮೂರು ಸಂಖ್ಯೆ ತುಂಬಿಸುವುದಾದರೆ ಅವರಿಗೂ ಸುಲಭ. ಎರಡು ವಾರ ಬಿಟ್ಟು ಒಂದು ಸಲ ನೆನಪಿಸಿ. ಆಮೇಲೂ ಬರದಿದ್ದರೆ "ಹೇಳಿಲ್ಲ, ಲೇಖಕರನ್ನು ಕೇಳಲಾಗಿದೆ" ಅಂತ ತಾರೀಖು ಹಾಕಿ ಬರೆದು ಮುಂದಿನ ಸಾಲಿಗೆ ಹೋಗಿ.